ಅಪ್‌ಡೇಟ್: ಆಕಾಶದ ಬಣ್ಣವೂ ಉಳಿಯಿತು, ಬಂಡೆಗಳೂ ಕಾಣಿಸಿದವು

ನನ್ನ ಪ್ರಶ್ನೆ: ಸೂರ್ಯಾಸ್ತದಲ್ಲಿ ಆಕಾಶ ಚೆನ್ನಾಗಿ ಬಂದರೆ ಮುಂದಿನ ಬಂಡೆಗಳು ಕಪ್ಪಾಗುತ್ತವೆ. ಬಂಡೆ ಕಂಡರೆ ಆಕಾಶ ಬೆಳ್ಳಗಾಗುತ್ತದೆ. ಏನು ಮಾಡಲಿ?

ನೀವು ಹೇಳಿದ ಹಾಗೆ ಸ್ಪಾಟ್ ಮೀಟರಿಂಗ್‌ನಲ್ಲಿ ಎರಡನ್ನೂ ಬೇರೆ ಬೇರೆ ಅಳೆದೆ. f/8, ISO 100 ಇಟ್ಟಾಗ ಸೂರ್ಯನ ಪಕ್ಕದ ಕೇಸರಿ ಆಕಾಶಕ್ಕೆ 1/250 ಸೆಕೆಂಡ್ ಬಂತು, ಬಂಡೆಗೆ 1/15. ಅಂದರೆ ನಾಲ್ಕು ಸ್ಟಾಪ್ ಅಂತರ; ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುತ್ತದೆ. ಸಂಜೆ ಹೊತ್ತಿಗೆ ಬಂಡೆ ಸ್ವಲ್ಪ ಮಬ್ಬಾಗಿದ್ದರೇ ಸಹಜ ಅಲ್ವಾ? ಅದಕ್ಕೇ ಬಂಡೆಗೆ 1/30 ಸಾಕು ಅಂದುಕೊಂಡೆ. ಉಳಿದ ಮೂರು ಸ್ಟಾಪ್‌ಗೆ ಮೇಲ್ಭಾಗ ಮಾತ್ರ ಕಪ್ಪಾಗಿರುವ, ಮೂರು ಸ್ಟಾಪಿನ ಗ್ರ್ಯಾಜುಯೇಟೆಡ್ ಫಿಲ್ಟರ್ ಹಾಕಿದೆ. ಒಂದೇ ಫೋಟೋದಲ್ಲಿ ಎರಡೂ ಬಂದವು.

ಅಂಚಿನಲ್ಲಿ ಮರಗಳಿದ್ದ ಕಡೆ ಮಾತ್ರ ಫಿಲ್ಟರ್ ಅವುಗಳ ತುದಿಯನ್ನೂ ಕಪ್ಪಾಗಿಸಿತು. ಅಲ್ಲಿ ಟ್ರೈಪಾಡ್ ಮೇಲೆ 1/250 ಮತ್ತು 1/30ರಲ್ಲಿ ಒಂದೊಂದು ಫೋಟೋ ತೆಗೆದು, ಆಮೇಲೆ ಸೇರಿಸಿದೆ.

ನನಗೆ ಜಾಸ್ತಿ ಉಪಯೋಗವಾಗಿದ್ದು ಕೆಂಪು ಬಣ್ಣದ ಹಿಸ್ಟೋಗ್ರಾಮ್, ಅಂದರೆ ಫೋಟೋದಲ್ಲಿ ಕೆಂಪು ಎಷ್ಟು ಬೆಳಕಾಗಿ ಬಂದಿದೆ ಅಂತ ತೋರಿಸುವ ಗ್ರಾಫ್. ಸಾಮಾನ್ಯ ಹಿಸ್ಟೋಗ್ರಾಮ್ ಸರಿಯಿದ್ದರೂ ಕೆಂಪು ಬಲ ಅಂಚಿಗೆ ಒತ್ತಿಕೊಂಡಿರಬಹುದು. ಆಗ ಸೂರ್ಯನ ಸುತ್ತ ಕೇಸರಿ ಹೋಗಿ ಬರೀ ಹಳದಿ ಉಳಿಯುತ್ತದೆ. ಶಟರ್ ಒಂದು ಸ್ಟಾಪ್ ವೇಗ ಮಾಡಿದರೆ ಬಣ್ಣ ವಾಪಸ್. ರಾ ಫೈಲ್ ಆದ್ದರಿಂದ ಆಮೇಲೆ ಎಡಿಟ್ ಮಾಡುವಾಗ ಬಂಡೆಯ ಬೆಳಕನ್ನು ಅಷ್ಟು ಹೆಚ್ಚಿಸಿದರೂ ನಾಯ್ಸ್ ಕಾಣಲಿಲ್ಲ.