ಘಮದ ಎಲೆಯ ಗಿಡ ಪಚೋಲಿ, ಅದರ ಎಣ್ಣೆಯ ಬಗ್ಗೆ ಕೇಳಿದವರಿಗೆ: ಎಣ್ಣೆ ಇಳಿಸುವ ಭಟ್ಟಿಯವರ ಉತ್ತರಗಳು

ತೀರ್ಥಹಳ್ಳಿ ತೋಟದವರು: ಅಡಿಕೆ ಮರದ ಕೆಳಗೆ ಬೆಳೆದ ಪಚೋಲಿ. ಒಣಗಿದ ಎಲೆ 8 ಕೆಜಿ ಇತ್ತು. 3 ಗಂಟೆ ಹಬೆ ಕೊಟ್ಟರೆ 60 ಗ್ರಾಂ ಎಣ್ಣೆ ಬಂತು. ಕರ್ಪೂರದ ಹಾಗೆ ಹಸಿ ವಾಸನೆ, ಮಣ್ಣಿನ ಘಮವೇ ಇಲ್ಲ. ಎಲ್ಲಿ ತಪ್ಪಿದೆ?

ಭಟ್ಟಿಯವರು: ಬೇಗ ಇಳಿಸಿಬಿಟ್ಟಿದ್ದೀರಿ. ಹಗುರ ವಾಸನೆಗಳು ಮೊದಲು ಬರುತ್ತವೆ, ಮಣ್ಣಿನ ಘಮ ಕೊಡುವ ಪಚೋಲೋಲ್ ಭಾರದ್ದು, ಕೊನೆಗೆ ಬರುತ್ತದೆ. ಒಳ್ಳೆಯ ಎಲೆಯಲ್ಲಿ ನೂರಕ್ಕೆ 2 ಪಾಲಾದರೂ ಎಣ್ಣೆ ಸಿಗಬೇಕು, ಅಂದರೆ ನಿಮಗೆ 160 ಗ್ರಾಂ. ಉಳಿದದ್ದು ಚರಟದಲ್ಲೇ ಹೋಗಿದೆ. ಮುಂದಿನ ಸಲ 6ರಿಂದ 8 ಗಂಟೆ ಬಿಡಿ, ಗಂಟೆಗೊಂದು ಸೀಸೆ ಹಿಡಿದು ಮೂಸಿ ನೋಡಿ, ಆಮೇಲೆ ಎಲ್ಲ ಬೆರೆಸಿ. ಎಲೆ ಹೇಗೆ ಒಣಗಿಸಿದಿರಿ?

ತೀರ್ಥಹಳ್ಳಿ ತೋಟದವರು: ಮಳೆ ಹಿಡಿದಿತ್ತು. ಟಾರ್ಪಾಲ್ ಕೆಳಗೆ ರಾಶಿ ಹಾಕಿದ್ದೆ.

ಭಟ್ಟಿಯವರು: ನನಗೆ ಭಯ ಇರುವುದು ಅಲ್ಲೇ. ಎಲೆಯ ಎಣ್ಣೆ ಒಳಗಿನ ಕೋಶಗಳಲ್ಲೂ ಇರುತ್ತದೆ, ಬಾಡಿದಾಗ ಗೋಡೆ ಸಡಿಲವಾಗಿ ಹಬೆಗೆ ಸಿಗುತ್ತದೆ. ಅದಕ್ಕೇ ಹಸಿ ಎಲೆ ಸುಮಾರಾಗಿ ಸಪ್ಪೆ. ನೆರಳಲ್ಲಿ, ಗಾಳಿಗೆ, ತೆಳ್ಳಗೆ ಹರಡಿ ದಿನಕ್ಕೆ ಎರಡು ಸಲ ಮಗುಚಬೇಕು. ಸ್ವಲ್ಪ ಹುದುಗಿದರೆ ಘಮ ಗಟ್ಟಿಯಾಗುತ್ತದೆ, ರಾಶಿ ಬಿಸಿಯಾಗಿ ಬೂಸು ಹಿಡಿದರೆ ಮುಗ್ಗಲು. ಹಿಡಿದು ಮೂಸಿ: ಒಣ ಹುಲ್ಲು, ಮಳೆಗೆ ನೆಂದ ಮಣ್ಣು ಅನ್ನಿಸಿದರೆ ಸರಿ. ಒದ್ದೆ ಗೋಣಿ ಅನ್ನಿಸಿದರೆ ಎಸೆಯಿರಿ, ಭಟ್ಟಿ ಅದನ್ನು ಸರಿಮಾಡದು.

ಹೊಸನಗರದವರು: ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಆಯ್ತು, ನಮ್ಮಜ್ಜಿ ಎಲ್ಲ ಅಲ್ಲೇ ಒಣಗಿಸ್ತಿದ್ದರು.

ಭಟ್ಟಿಯವರು: ಹೊಗೆ ಎಣ್ಣೆಗೂ ಬರುತ್ತದೆ ಮಾರಾಯ್ರೆ.

ಸಾಗರದ ಅಗರಬತ್ತಿಯವರು: ಎಲ್ಲಾ ಮಿಶ್ರಣಕ್ಕೂ ಇದನ್ನೇ ಯಾಕೆ ಹಾಕ್ತಾರೆ?

ಭಟ್ಟಿಯವರು: ನಿಂಬೆ ತರಹದ್ದು ಕಡ್ಡಿ ಒಣಗುವಾಗಲೇ ಹಾರಿಹೋಗುತ್ತದೆ. ಇದು ನಿಧಾನ, ಕಾಗದದ ಪಟ್ಟಿಗೆ ಒಂದು ಹನಿ ಹಾಕಿದರೆ ವಾರಗಟ್ಟಲೆ ಉಳಿಯುತ್ತದೆ. ಗಂಧ, ಲಾವಂಚದ ಜೊತೆ ತಳ ಕೂತು ಉಳಿದವುಗಳನ್ನೂ ಒಂದಿಷ್ಟು ತಡೆಯುತ್ತದೆ. ಪವಾಡವೇನಲ್ಲ. ಕಡಿಮೆ ಹಾಕಿ, ಜಾಸ್ತಿಯಾದರೆ ಅದೊಂದೇ ಕಾಣುತ್ತದೆ.

ಕೊಪ್ಪದವರು: ಕಾಡಿನ ಪಚ್ಚೆತೆನೆಯೂ ಇದೇ ಅಲ್ವಾ? ಸುಮ್ನೆ ತಂದು ಹಾಕಬಹುದು.

ಹೊಸನಗರದವರು: ಅದೇ ಇದು, ಹೆಸರು ಬೇರೆ ಅಷ್ಟೇ.

ತೀರ್ಥಹಳ್ಳಿ ತೋಟದವರು: ಅಲ್ಲ ಅಣ್ಣಾ, ನಮ್ಮದು ನರ್ಸರಿ ಸಸಿ.

ಹೊಸನಗರದವರು: ನರ್ಸರಿಯವರು ಹೇಳಿದ್ದೆಲ್ಲ ವೇದವಾ?

ಭಟ್ಟಿಯವರು: ಇಬ್ಬರೂ ಅರ್ಧ ಸರಿ. ಹತ್ತಿರದ ನೆಂಟರು, ಆದರೆ ಕಾಡಿನ ಜಾತಿಯ ಎಣ್ಣೆ ಕೆಳದರ್ಜೆಯದು. ಇನ್ನು ಸಾಕು.

ಶಿವಮೊಗ್ಗದವರು: ಎರಡು ಹನಿ ಕುಡಿದರೆ ಮಂಡಿನೋವು ಹೋಗ್ತದಂತೆ, ಫಾರ್ವರ್ಡ್ ಬಂದಿದೆ.

ಭಟ್ಟಿಯವರು: ಕುಡಿಯಬೇಡಿ.

ಸೊರಬದವರು: ಜೇನಿಗೆ ಹಾಕಿ ಕುಡಿಯಬಹುದಾ?

ಭಟ್ಟಿಯವರು: ಮೇಲೆ ಓದಿ! ಇದು ಕಷಾಯ ಅಲ್ಲ. ಫಾರ್ವರ್ಡ್ ಮಾಡಿದವರಿಗೇ ಮೊದಲು ಕುಡಿಸಿ ನೋಡಬೇಡಿ, ಅವರಿಗೂ ಬೇಡ.

ಕೊಪ್ಪದವರು: ಇಲ್ಲಿ ಕೊಳ್ಳುವವರು ಯಾರಾದರೂ ಇದ್ದಾರಾ? ಎಷ್ಟಕ್ಕೆ?

ತೀರ್ಥಹಳ್ಳಿ ತೋಟದವರು: ನನ್ನ ಎಣ್ಣೆ ಕಂದು ಬಣ್ಣಕ್ಕೆ ತಿರುಗಿದೆ, ಹಾಳಾಯ್ತಾ?

ಭಟ್ಟಿಯವರು: ಕಬ್ಬಿಣದ ಹಂಡೆಯಾ? ಹಾಗಿದ್ದರೆ ಬಣ್ಣ ಅದರದ್ದೇ, ಸ್ಟೀಲ್‌ನಲ್ಲಿ ತಿಳಿಯಾಗಿ ಬರುತ್ತದೆ. ಗಾಜಿನ ಸೀಸೆ ತುಂಬಿ, ಕತ್ತಲಲ್ಲಿಡಿ, ಆರು ತಿಂಗಳು ಬಿಟ್ಟು ಮೂಸಿ.